ಡಬ್ಬಿ 24, ತಿಂಗಳಿಗೆ 43 ಸಾವಿರ, ಆದರೂ ಕೈಯಲ್ಲಿ ಏನೂ ನಿಲ್ಲೋದಿಲ್ಲ. ಎಲ್ಲಿ ಸೋರ್ತಾ ಇದೆ?

ಕೋಡಿಬಾಗಿನ ನಾದಿನಿ
ನಮ್ಮ ಅತ್ತಿಗೆ ಕಾರವಾರದಲ್ಲಿ ಮನೆಯಿಂದಲೇ ಮಧ್ಯಾಹ್ನದ ಊಟದ ಡಬ್ಬಿ ಕೊಡ್ತಾರೆ. ಒಟ್ಟು 24 ಡಬ್ಬಿ, ಭಾನುವಾರ ರಜೆ, ಅಂದರೆ ತಿಂಗಳಿಗೆ 26 ದಿನ. ಗಿರಾಕಿಗಳಲ್ಲಿ ಹೆಚ್ಚಿನವರು ಆಫೀಸಿನವರು, ಏಳೆಂಟು ಮಂದಿ ಮೆಡಿಕಲ್ ಕಾಲೇಜಿನ ಹುಡುಗರು. ತಿಂಗಳಿಗೆ 1,800 ರೂಪಾಯಿ, ತಿಂಗಳ ಕೊನೆಗೆ ಕೊಡೋದು.

ಅನ್ನ, ಸಾಂಬಾರು ಅಥವಾ ತೊವ್ವೆ, ಒಂದು ಪಲ್ಯ, ಮೂರು ಚಪಾತಿ, ಉಪ್ಪಿನಕಾಯಿ, ಮಜ್ಜಿಗೆ. ಬುಧವಾರ, ಶುಕ್ರವಾರ ಸಾಂಬಾರು-ಪಲ್ಯದ ಬದಲಿಗೆ ಬಂಗುಡೆ ಸಾರು, ಅದರಲ್ಲಿ ಒಂದು ಇಡೀ ಬಂಗುಡೆ. ದರ ಎಲ್ಲ ದಿನಕ್ಕೂ ಒಂದೇ. ಯಾರಾದರೂ ರಜೆ ಹಾಕಿದರೆ ದಿನಕ್ಕೆ 70 ಕಳೀತಾರೆ. ಹೋದ ತಿಂಗಳು ಹಾಗೆ 96 ಡಬ್ಬಿ ಕಳೆದಿದ್ದಾರೆ, ಅದರಲ್ಲಿ ಅರ್ಧದಷ್ಟು ಬೆಳಿಗ್ಗೆ 9ರ ಮೇಲೆ ಫೋನ್ ಮಾಡಿ ಹೇಳಿದ್ದು.

ಬರೋದು 43,200, ತಿಂಗಳ ಕೊನೆಗೆ ಕಿರಾಣಿ ಅಂಗಡಿ ಬಾಕಿ ತೀರಿಸಿದರೆ ಮುಗೀತು. ದರ ಎಷ್ಟಿಡಬೇಕು? ತಿಂಗಳಿಗೆ ಮೂರು ಸಾವಿರವಾದರೂ ಉಳಿಸೋದು ಹೇಗೆ? ಅವರ ವಹಿಯಲ್ಲಿ ಹೆಸರು ಮತ್ತು ಟಿಕ್ ಗುರುತು ಬಿಟ್ಟರೆ ಬೇರೆ ಏನೂ ಇಲ್ಲ.

ಕುಮಟಾ ಕ್ಯಾಟರಿಂಗ್
ಸುಲಭ ಸೂತ್ರ ಇದೆ. ಸಾಮಾನಿನ ಖರ್ಚು ಎಷ್ಟೋ ಅದರ ಎರಡು ಪಟ್ಟು ದರ ಇಡಿ. ಅರ್ಧ ಸಾಮಾನಿಗೆ, ಅರ್ಧ ನಿಮಗೆ. ಮದುವೆ ಅಡುಗೆಗೂ ನಾವು ಹಿಡಿಯೋದು ಇದನ್ನೇ.

ಶಿರಸಿ ಅಡುಗೆಮನೆ
ಮೆಸ್ ಹಾಕ್ತಾ ಇದ್ದಾರಾ? ಮೊದಲು ಆಹಾರ ಸುರಕ್ಷತೆಯ ನೋಂದಣಿ ಮಾಡಿಸ್ಲಿ, ಸಣ್ಣವರಿಗೆ ವರ್ಷಕ್ಕೆ ನೂರು ರೂಪಾಯಿ ಅಷ್ಟೆ. ನಮ್ಮಲ್ಲಿ ಎಂಟು ಡಬ್ಬಿ, ಎಲ್ಲ ಸಸ್ಯಾಹಾರ. ತಂಬುಳಿ, ಅಪ್ಪೆಹುಳಿ ಅಂದ್ರೆ ಖರ್ಚೇ ಇಲ್ಲ, ಒಂದೆಲಗ ಹಿತ್ತಲಲ್ಲೇ ಇರ್ತು. ಮೀನು ಬಿಟ್ಟುಬಿಡಿ ಅಂತ ನನ್ನ ಸಲಹೆ.

ಕೋಡಿಬಾಗಿನ ನಾದಿನಿ
ಮೆಸ್ ಅಲ್ಲ ಅಕ್ಕ, ಡಬ್ಬಿ ಮಾತ್ರ. ನೋಂದಣಿ ಆಗಿದೆ. ಕಾರವಾರದಲ್ಲಿ ಮೀನು ಬಿಟ್ಟರೆ ಅರ್ಧ ಗಿರಾಕಿ ಮರುದಿನವೇ ಬೇರೆ ಕಡೆ.

ಲೆಕ್ಕದ ಅಕ್ಕೋರು
ದರ ಆಮೇಲೆ. ಮೊದಲು ಒಂದು ಡಬ್ಬಿಗೆ ಏನು ಬೀಳ್ತದೆ ಅಂತ ತೂಗಿ ನೋಡಬೇಕು. ಅಂದಾಜಿನಲ್ಲಿ ಹೇಳಿದರೆ ಎಲ್ಲರೂ ಕಡಿಮೆಯೇ ಹೇಳೋದು, ಯಾಕೆಂದರೆ ಅಕ್ಕಿ, ಬೇಳೆ ನೆನಪಿರ್ತದೆ, ಕಾಯಿ, ಎಣ್ಣೆ, ಗ್ಯಾಸು ನೆನಪಿಗೆ ಬರೋದಿಲ್ಲ. ಅತ್ತಿಗೆಯ ಹತ್ತಿರ ಒಂದು ತಕ್ಕಡಿ ಇಡಿಸಿ, ಐದು ಕಿಲೋ ತೂಗುವ ಅಡುಗೆಮನೆ ತಕ್ಕಡಿ ಸಾಕು. ಒಂದು ವಾರ ಬೆಳಿಗ್ಗೆ ಪಾತ್ರೆಗೆ ಹಾಕುವ ಮೊದಲು ತೂಗಿ ಬರೆದು ಇಲ್ಲಿ ಹಾಕಿ. ಒಟ್ಟಿಗೆ ತೂಗಿ 24ರಿಂದ ಭಾಗಿಸಿದರೆ ಆಯ್ತು.

ಕಾಯಿ ಮಾತ್ರ ಹುಷಾರಾಗಿ. "ನಾಲ್ಕು ಕಾಯಿ" ಅಂತ ಬರೆಯಬೇಡಿ, ತುರಿದ ಮೇಲೆ ತೂಗಿ. ಮಧ್ಯಮ ಕಾಯಿಗೆ 200ರಿಂದ 250 ಗ್ರಾಂ ತುರಿ ಬರಬೇಕು. ಅಗ್ಗ ಅಂತ ತಂದ ಸಣ್ಣ ಕಾಯಿ, ಎಳೆಕಾಯಿಯಲ್ಲಿ 150 ಕೂಡ ಬರೋದಿಲ್ಲ, ಆಗ ಅಗ್ಗದ ಕಾಯೇ ದುಬಾರಿ. ಕೆಟ್ಟ ಕಾಯಿ ಒಡೆದರೆ ಅದೂ ಲೆಕ್ಕಕ್ಕೆ ಬರಬೇಕು.

ಕೋಡಿಬಾಗಿನ ನಾದಿನಿ
ಒಂದು ವಾರ ತೂಗಿದೆವು. ಅತ್ತಿಗೆಯ ರಸೀದಿ ದರದಲ್ಲಿ ಸಸ್ಯಾಹಾರದ ಒಂದು ಡಬ್ಬಿಗೆ ಹೀಗೆ ಬಂತು. ಅಕ್ಕಿ 150 ಗ್ರಾಂ, ಸುಮಾರು 8 ರೂಪಾಯಿ. ಬೇಳೆ 30 ಗ್ರಾಂ, 4. ತರಕಾರಿ 6, ಚಪಾತಿ ಹಿಟ್ಟು 4, ಕಾಯಿ 6, ಎಣ್ಣೆ 2, ಮಸಾಲೆ-ಹುಣಸೆ-ಬೆಲ್ಲ 3, ಉಪ್ಪಿನಕಾಯಿ-ಮಜ್ಜಿಗೆ 3. ಎಲ್ಲ ಸೇರಿ ಹೆಚ್ಚುಕಡಿಮೆ 35.

ಕುಮಟಾದವರು ಹೇಳಿದ ಹಾಗೆ ಎರಡು ಪಟ್ಟು ಮಾಡಿದರೆ 70. ಈಗ ತಗೊಳ್ತಾ ಇರೋದೂ ಅಷ್ಟೇ! ಹಾಗಾದರೆ ದರ ಸರಿ ಇದೆ ಅಂತಾಯ್ತಲ್ಲ?

ಲೆಕ್ಕದ ಅಕ್ಕೋರು
ಅಲ್ಲೇ ಎರಡು ಪಟ್ಟಿನ ಸೂತ್ರ ಕೈಕೊಡೋದು. ಮದುವೆ ಅಡುಗೆಗೆ ಅದು ನಡೀತದೆ, ಯಾಕೆಂದರೆ ಎಲೆ ಎಷ್ಟು ಅಂತ ಮೊದಲೇ ಗೊತ್ತು, ಮುಂಗಡ ಬಂದಿರ್ತದೆ, ಯಾರೂ ಬೆಳಿಗ್ಗೆ ಒಂಬತ್ತಕ್ಕೆ ಫೋನ್ ಮಾಡಿ "ಇವತ್ತು ನಮ್ಮ ಎಲೆ ಬೇಡ" ಅನ್ನೋದಿಲ್ಲ. ಡಬ್ಬಿಯಲ್ಲಿ ಮೂರೂ ಇಲ್ಲ.

ಸಾಮಾನಿನ 35ಕ್ಕೆ ಗ್ಯಾಸು, ಡಬ್ಬಿ ಮುಟ್ಟಿಸುವ ಹುಡುಗ, ಪೆಟ್ರೋಲು, ಸೋಪು ಸೇರಿಸಿ. ಹುಡುಗನಿಗೆ ಮತ್ತು ಪೆಟ್ರೋಲಿಗೆ ಎಷ್ಟು ಕೊಡ್ತಾರೆ?

ಕೋಡಿಬಾಗಿನ ನಾದಿನಿ
ದಿನಕ್ಕೆ 140, ಎರಡೂ ಸೇರಿ. ಗ್ಯಾಸು ಮನೆಯ ಸಿಲಿಂಡರಿನಿಂದಲೇ ನಡೀತದೆ.

ಲೆಕ್ಕದ ಅಕ್ಕೋರು
ಮನೆಯ ಕೆಂಪು ಸಿಲಿಂಡರಿನಲ್ಲಿ ವ್ಯಾಪಾರದ ಅಡುಗೆ ಮಾಡೋ ಹಾಗಿಲ್ಲ, 19 ಕಿಲೋದ್ದು ತಗೊಳ್ಳಬೇಕು. ಎಲ್ಲರೂ ಮಾಡ್ತಾರೆ ಅಂತ ಈಗ ಯಾರೋ ಬಂದು ಹೇಳ್ತಾರೆ. ಮಾಡ್ತಾರೆ, ಆದರೆ ದರ ಕಟ್ಟುವಾಗಲಾದರೂ ವ್ಯಾಪಾರದ ಸಿಲಿಂಡರಿನ ಬೆಲೆಯನ್ನೇ ಹಿಡಿಯಿರಿ. ಇಷ್ಟು ಅಡುಗೆಗೆ ದಿನಕ್ಕೆ ಒಂದು ಕಿಲೋದ ಆಜುಬಾಜು ಗ್ಯಾಸು ಬೇಕು, ಡಬ್ಬಿಗೆ 4 ರೂಪಾಯಿ ಹಿಡಿಯೋಣ. ಮನೆ ಸಿಲಿಂಡರಿಗೂ ಇದಕ್ಕೂ ಡಬ್ಬಿಯ ಮೇಲೆ ಒಂದೂವರೆ ರೂಪಾಯಿಯ ಅಂತರ, ಅಷ್ಟಕ್ಕೆ ಹೆದರುವಂಥದ್ದೇನಿಲ್ಲ.

ಹುಡುಗನದು 6, ಸೋಪು ಮತ್ತು ಡಬ್ಬಿ ಸವಕಳಿ 2. ಒಟ್ಟು 47. ಕೈಗೆ ಬರೋದು 1,800 ಭಾಗಿಸು 26, ಅಂದರೆ 69. ಸಸ್ಯಾಹಾರದ ದಿನ ಡಬ್ಬಿಗೆ 22 ಉಳೀತು. ಈಗ ಮೀನಿನ ದಿನದ್ದು ಹೇಳಿ.

ಬೈತಖೋಲದಿಂದ
ಮೀನಿನದು ನಾನು ಹೇಳ್ತೆ. ಡಬ್ಬಿಗೆ ಹಾಕುವ ಸೈಜಿನ ಬಂಗುಡೆ ಕಿಲೋಗೆ ಏಳು ಹಿಡಿರಿ. 24ಕ್ಕೆ ಮೂರೂವರೆ ಕಿಲೋ. ಕಿಲೋ 200 ಅಂದ್ರೂ 700, ಒಂದು ಮೀನಿಗೆ 29. ಕಿಲೋಗೆ ಐದೇ ಬರುವ ದೊಡ್ಡ ಬಂಗುಡೆ ತಂದ್ರೆ ಒಂದಕ್ಕೆ ನಲವತ್ತು. ನಮ್ಮಲ್ಲಿ ಬಾಯ್ದೇರು ಬುಟ್ಟಿ ಮುಂದೆ ಇಟ್ಟು ನೂರಕ್ಕೆ ಇಷ್ಟು ಅಂತ ಎಣಿಸಿ ಕೊಡ್ತಾರೆ, ತೂಕ ಇಲ್ಲ. ಹಾಗಾಗಿ ಕಿಲೋ ದರ ಬಿಡಿ, "ಒಂದು ಮೀನಿಗೆ ಎಷ್ಟು ಬಿತ್ತು" ಅಂತಲೇ ಬರೀರಿ.

ಮತ್ತೆ ಮೀನಿನ ಸಾರಿಗೆ ಕಾಯಿ ಸಾಂಬಾರಿನ ಎರಡು ಪಟ್ಟು ಬೇಕು. ನೀರು ಸಾರು ಮಾಡಿ ತೆಫಳ ಹಾಕಿದ್ರೆ ಕಾರವಾರದವರು ಸುಮ್ನೆ ತಿನ್ನೋದಿಲ್ಲ, ಹೆಸರು ಹಾಳು.

ಲೆಕ್ಕದ ಅಕ್ಕೋರು
ಸರಿ. 47ರಲ್ಲಿ ಬೇಳೆ, ತರಕಾರಿಯ 10 ಕಳೆದು, ಮೀನು 29, ಹೆಚ್ಚಿನ ಕಾಯಿ 6 ಸೇರಿಸಿದರೆ 72. ಬರೋದು 69. ಅಂದರೆ ಬುಧವಾರ, ಶುಕ್ರವಾರ ಅತ್ತಿಗೆ ಬೆಳಿಗ್ಗೆ ಐದಕ್ಕೆ ಎದ್ದು ಮೀನು ತೊಳೆದು, ಮಸಾಲೆ ಅರೆದು, ಪ್ರತಿ ಡಬ್ಬಿಯ ಜೊತೆ ಕೈಯಿಂದ ಮೂರು ರೂಪಾಯಿ ಕೊಟ್ಟು ಕಳಿಸ್ತಾ ಇದ್ದಾರೆ.

ಇನ್ನು ರಜೆ. 96 ಡಬ್ಬಿಗೆ 70ರಂತೆ 6,720 ಹೋಯ್ತು, ಹಾಗಾಗಿ ನಿಮ್ಮ 43 ಸಾವಿರ ನಿಜಕ್ಕೂ 36,480. ಆದರೆ 9ರ ಮೇಲೆ ಹೇಳಿದ 48 ಡಬ್ಬಿಯ ಅಡುಗೆ ಆಗಿಹೋಗಿದೆ, ಆ ಖರ್ಚು ಉಳಿಯಲಿಲ್ಲ. ಹಾಗಾಗಿ ಅಡುಗೆಯಾದದ್ದು 576 ಡಬ್ಬಿಗೆ. ಮೀನಿನ ದಿನ ಸೇರಿಸಿ ಸರಾಸರಿ 55ರ ಹತ್ತಿರ ಹಿಡಿದರೆ ಖರ್ಚು ಮೂವತ್ತೊಂದೂವರೆ ಸಾವಿರ. ಉಳಿದದ್ದು ಐದು ಸಾವಿರ.

ಆ ಐದು ಸಾವಿರವೂ ಕಾಣೋದಿಲ್ಲ ಅಂತೀರಿ. ಮನೆಯಲ್ಲಿ ಮಧ್ಯಾಹ್ನ ಎಷ್ಟು ಜನ ಉಣ್ತಾರೆ?

ಕೋಡಿಬಾಗಿನ ನಾದಿನಿ
ನಾಲ್ಕು. ಅದೇ ಅಡುಗೆಯಿಂದಲೇ.

ಲೆಕ್ಕದ ಅಕ್ಕೋರು
ನಾಲ್ಕು ಜನ, 26 ದಿನ, ಸಾಮಾನು 35ರಂತೆ 3,640. ಉಳೀತು ಸಾವಿರದ ಮುನ್ನೂರು ಚಿಲ್ಲರೆ. ಸೋರ್ತಾ ಇರೋದು ಒಂದು ಕಡೆ ಅಲ್ಲ ನೋಡಿ, ಮೀನಿನ ದಿನ, ತಡವಾದ ರಜೆ, ಮನೆಯ ಊಟ, ಮೂರೂ ಕಡೆ. ಮೂರನೆಯದು ನಷ್ಟ ಅಲ್ಲ, ಮನೆಯವರು ಉಂಡಿದ್ದಾರೆ. ಆದರೆ ಅದನ್ನು ಯಾರೂ ಅತ್ತಿಗೆಯ ದುಡಿಮೆ ಅಂತ ಎಣಿಸಿಲ್ಲ.

ಕುಮಟಾ ಕ್ಯಾಟರಿಂಗ್
ಒಪ್ಪಿದೆ, ರಜೆಯ ವಿಷಯ ನನ್ನ ತಲೆಗೆ ಬಂದಿರಲಿಲ್ಲ. ಹಾಗಾದರೆ ಚಪಾತಿ ತೆಗೆದುಬಿಡಿ, ಖರ್ಚು ಇಳೀತದೆ.

ಲೆಕ್ಕದ ಅಕ್ಕೋರು
ಚಪಾತಿ ತೆಗೆದರೆ ಉಳಿಯೋದು ನಾಲ್ಕು ರೂಪಾಯಿ ಹಿಟ್ಟು ಮತ್ತು ಒಂದಿಷ್ಟು ಗ್ಯಾಸು. ಗಿರಾಕಿಯ ಕಣ್ಣಿಗೆ ಮಾತ್ರ ಹದಿನೈದು ರೂಪಾಯಿಯ ಊಟ ಕಡಿಮೆಯಾದ ಹಾಗೆ. ಚಪಾತಿಯ ಖರ್ಚು ಸಾಮಾನಿನಲ್ಲಿ ಅಲ್ಲ, ಸಮಯದಲ್ಲಿ: 72 ಚಪಾತಿ ಲಟ್ಟಿಸಿ ಬೇಯಿಸಲಿಕ್ಕೆ ಒಬ್ಬರಿಗೆ ಗಂಟೆಯ ಮೇಲೆ ಬೇಕು. ಅದು ಭಾರ ಆಗಿದ್ದರೆ ತೆಗೆಯಲಿ, ಹಣ ಉಳಿಸಲಿಕ್ಕೆ ಅಂತ ಬೇಡ.

ಡಬ್ಬಿ ಗಿರಾಕಿ
ದಿನಾ ಡಬ್ಬಿ ತರಿಸೋನು ನಾನು (ಇವರದ್ದಲ್ಲ). ಒಂದೇ ಸಲ 1,800ರಿಂದ 2,300 ಅಂದರೆ ಬಿಡ್ತೇವೆ, ಸುಳ್ಳು ಯಾಕೆ. ಆದರೆ ಮೀನಿಗೆ ಬೇರೆ ದುಡ್ಡು ಅಂದರೆ ಕೊಡ್ತೇವೆ, ಅದು ಹೋಟೆಲಿನಲ್ಲೂ ಹಾಗೇ ತಾನೆ. ಮೀನು ಬೇಡದ ದಿನ ಬೇಡ ಅನ್ನಬಹುದು.

ಲೆಕ್ಕದ ಅಕ್ಕೋರು
ದರ ಕಟ್ಟಬೇಕಾದ್ದೂ ಹಾಗೆಯೇ. ಎಲ್ಲ ದಿನವೂ ಸಸ್ಯಾಹಾರದ ಡಬ್ಬಿ, 75ಕ್ಕೆ. 26 ದಿನಕ್ಕೆ 1,950, ತಿಂಗಳ 1ರಿಂದ 5ರೊಳಗೆ ಮುಂಗಡ. ಏರಿದ್ದು ತಿಂಗಳಿಗೆ 150 ಮಾತ್ರ. ಬುಧವಾರ, ಶುಕ್ರವಾರ ಮೀನು ಬೇಕಾದವರಿಗೆ ಸಣ್ಣ ಡಬ್ಬಿ ಬೇರೆ: ಬಂಗುಡೆ 45, ತಾರ್ಲೆ 30. ಮೀನು ಮತ್ತು ಅದರ ಮಸಾಲೆಗೆ 35 ಬೀಳ್ತದೆ ಅಂತ ಈಗ ಗೊತ್ತಾಗಿದೆಯಲ್ಲ.

ರಜೆಗೆ ದುಡ್ಡು ವಾಪಸ್ ಇಲ್ಲ, ಚೀಟಿ. 1,950ಕ್ಕೆ 26 ಚೀಟಿ. ಹಿಂದಿನ ರಾತ್ರಿ 8ರೊಳಗೆ ಹೇಳಿದರೆ ಚೀಟಿ ಮುಂದಿನ ತಿಂಗಳಿಗೆ ಹೋಗ್ತದೆ, ಹೆಚ್ಚೆಂದರೆ ನಾಲ್ಕು. ರಾತ್ರಿ 8 ಯಾಕೆಂದರೆ ಬೇಳೆ, ಕಾಳು ನೆನೆಹಾಕೋದು ಆಮೇಲೆ. ಬೆಳಿಗ್ಗೆ ಹೇಳಿದರೆ ಚೀಟಿ ಮುಗೀತು, ಬೇಕಾದರೆ ಆ ಡಬ್ಬಿ ಬೇರೆಯವರಿಗೆ ಕೊಡಿಸಿಕೊಳ್ಳಲಿ.

ಗಿರಾಕಿ ಓಡ್ತಾರೆ ಅನ್ನೋ ಹೆದರಿಕೆಯನ್ನೂ ಲೆಕ್ಕ ಮಾಡಿಯೇ ನೋಡಿ. ಐದು ಜನ ಬಿಟ್ಟರು ಅಂತ ಇಟ್ಟುಕೊಳ್ಳಿ. 19 ಜನಕ್ಕೆ 37,050 ಬರ್ತದೆ. ಹುಡುಗನ 140 ಈಗ 19 ಡಬ್ಬಿಯ ಮೇಲೆ ಬೀಳೋದರಿಂದ ಡಬ್ಬಿ ಖರ್ಚು 47ರಿಂದ ನಲವತ್ತೆಂಟೂವರೆಗೆ ಏರ್ತದೆ, ಒಟ್ಟು 24 ಸಾವಿರ. ಉಳಿಯೋದು 13 ಸಾವಿರ. ಐದು ಡಬ್ಬಿ ಕಡಿಮೆ ಅಡುಗೆ ಮಾಡಿ, ಈಗಿನ ಎರಡೂವರೆ ಪಟ್ಟು.

ಶಿರಸಿ ಅಡುಗೆಮನೆ
ಚೀಟಿ ಲೆಕ್ಕ ಹಾಸ್ಟೆಲ್ ಹುಡುಗರ ಹತ್ತಿರ ನಡೀತಿಲ್ಲೆ. ಪರೀಕ್ಷೆ ಮುಗಿದ ಕೂಡಲೆ ಊರಿಗೆ ಹೋಗ್ತ, ಬಂದು ಹತ್ತು ಚೀಟಿ ಇಟ್ಟು ಕೂರ್ತ. ಅವರಿಗೆ 13 ದಿನದ ಅರ್ಧ ತಿಂಗಳ ಲೆಕ್ಕ ಮಾಡೋದು ಒಳ್ಳೇದು.

ಲೆಕ್ಕದ ಅಕ್ಕೋರು
ಆಗಬಹುದು. ಹುಡುಗರ ವಿಷಯ ನನಗೂ ಪೂರ್ತಿ ಸಮಾಧಾನ ಇಲ್ಲ. ಒಬ್ಬರಿಗೆ ಒಂದು ನಿಯಮ, ಇನ್ನೊಬ್ಬರಿಗೆ ಇನ್ನೊಂದು ಅಂದರೆ ವಾರದೊಳಗೆ ಎಲ್ಲರಿಗೂ ಗೊತ್ತಾಗ್ತದೆ, ಜಗಳ ಶುರು.

ಬೈತಖೋಲದಿಂದ
ಮಳೆಗಾಲದ್ದು ಮರೀಬೇಡಿ. ಜೂನ್ 1ರಿಂದ ಜುಲೈ 31, 61 ದಿನ ಯಾಂತ್ರಿಕ ದೋಣಿ ಕಡಲಿಗೆ ಇಳಿಯೋದಿಲ್ಲ. ನಾಡದೋಣಿಯವರು ತಂದ ಚೂರುಪಾರು ಮೀನಿಗೆ ಹೇಳಿದ್ದೇ ರೇಟು. 45ಕ್ಕೆ ಬಂಗುಡೆ ಅಂತ ಮಾತು ಕೊಟ್ಟು ಕೂತ್ರೆ ಆ ಎರಡು ತಿಂಗಳು ಕೈ ಸುಟ್ಟುಕೊಳ್ತಾರೆ. ಒಂದು ಮೀನಿಗೆ 35 ದಾಟಿದ ದಿನ ಬಂಗುಡೆ ಇಲ್ಲ, ಮೊಟ್ಟೆ ಸಾರು ಅಥವಾ ಒಣಶೆಟ್ಲಿ, ಅಂದ್ರೆ ಒಣಸಿಗಡಿ, ಚಟ್ನಿ ಅಂತ ಮೊದಲೇ ಹೇಳಿಡಿ. ಒಣಶೆಟ್ಲಿ ಏಪ್ರಿಲ್-ಮೇ ಬಿಸಿಲಿಗೆ ಚೆನ್ನಾಗಿ ಒಣಗಿದ್ದು ತಗೊಂಡು, ಇನ್ನೊಂದು ಬಿಸಿಲು ಕೊಟ್ಟು, ಗಾಳಿಯಾಡದ ಡಬ್ಬದಲ್ಲಿಡಿ. ಕೈಯಲ್ಲಿ ಹಿಚುಕಿದ್ರೆ ಪುಡಿ ಆಗಬೇಕು, ಬಾಗಿದ್ರೆ ಜೂನ್ ಮುಗಿಯೋದರೊಳಗೆ ಬೂಷ್ಟು ಬರ್ತದೆ.

ತರಕಾರಿಯೂ ಹಾಗೆ. ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ಘಟ್ಟ ಇಳಿದು ಬರೋದು. 2024ರ ಜುಲೈಯಲ್ಲಿ ಶಿರೂರಿನ ಗುಡ್ಡ ಹೆದ್ದಾರಿ ಮೇಲೆ ಬಿದ್ದದ್ದು ಎಲ್ಲರಿಗೂ ನೆನಪಿರ್ಬೇಕು. ಮಳೆಗಾಲಕ್ಕೆ ಬಸಳೆ, ಹರಿವೆ, ಮೊಗೆಕಾಯಿ, ಹಲಸಿನ ಬೇಳೆ ನೆಚ್ಚಿಕೊಂಡರೆ ಟೊಮೆಟೊ ರೇಟಿನ ಚಿಂತೆ ಇಲ್ಲ.

ಪಿಗ್ಮಿ ಪುಸ್ತಕ
ಉಳಿತಾಯದ ಪ್ರಶ್ನೆ ಹಾಗೇ ಉಳೀತಲ್ಲ. ಮುಂಗಡ ತಗೊಳ್ಳಲು ಶುರು ಮಾಡಿದ ಮೊದಲ ತಿಂಗಳೇ ಎಡವೋದು ಇಲ್ಲಿ: 5ನೇ ತಾರೀಕಿಗೆ ಕೈಯಲ್ಲಿ ನಲವತ್ತು ಸಾವಿರ ಕಾಣ್ತದೆ. ಅದು ಸಂಪಾದನೆ ಅಲ್ಲ, ಮುಂದಿನ 26 ದಿನದ ಅಕ್ಕಿ-ಬೇಳೆ. ಅದರಿಂದ ಫೀಸು ಕಟ್ಟಿದರೆ 20ನೇ ತಾರೀಕಿಗೆ ಮತ್ತೆ ಅಂಗಡಿಯಲ್ಲಿ ಬಾಕಿ.

ಗಿರಾಕಿಗಳು ಸ್ಕ್ಯಾನ್ ಮಾಡುವ ಕ್ಯೂಆರ್ ಯಾರ ಖಾತೆಯದು?

ಕೋಡಿಬಾಗಿನ ನಾದಿನಿ
ಅಣ್ಣನದು.

ಪಿಗ್ಮಿ ಪುಸ್ತಕ
ಮೊದಲು ಅದು ಬದಲಾಗಲಿ. ಅತ್ತಿಗೆಯ ಹೆಸರಲ್ಲಿ ಬೇರೆ ಉಳಿತಾಯ ಖಾತೆ, ಅದರ ಕ್ಯೂಆರ್. ಡಬ್ಬಿಯ ದುಡ್ಡೆಲ್ಲ ಅದಕ್ಕೇ. ಪ್ರತಿ ಸೋಮವಾರ ಆ ವಾರದ ಸಾಮಾನಿನಷ್ಟು ತೆಗೆಯೋದು, ಸುಮಾರು ಆರೇಳು ಸಾವಿರ. ಶನಿವಾರ ಅತ್ತಿಗೆ ತಮಗೆ ಸಂಬಳ ಅಂತ 2,000 ತಗೊಳ್ಳಲಿ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಮನೆಯವರ ಊಟಕ್ಕೆ ದಿನಕ್ಕೆ 140 ಮನೆ ಖರ್ಚಿನಿಂದ ಡಬ್ಬಿ ಪೆಟ್ಟಿಗೆಗೆ ಬೀಳಲಿ. ಅಣ್ಣನಿಗೆ ಮೊದಲು ವಿಚಿತ್ರ ಅನಿಸಬಹುದು.

ಇನ್ನು ಪಿಗ್ಮಿ. ನಮ್ಮ ಕರಾವಳಿಯಲ್ಲಿ 1928ರಿಂದ ನಡೆದು ಬಂದ ಪದ್ಧತಿ, ಆಗ ದಿನಕ್ಕೆ ಎರಡಾಣೆ. ಡಬ್ಬಿ ಹೋದ ದಿನ ಮಾತ್ರ 150 ಕಟ್ಟಿದರೆ ತಿಂಗಳಿಗೆ 3,900. ಇದು ಜೂನ್-ಜುಲೈಗೆ, ಮಿಕ್ಸಿ ಸುಟ್ಟರೆ, ಕುಕ್ಕರ್ ಹೋದರೆ. ಕಟ್ಟುವ ಮೊದಲು ಎರಡು ವಿಷಯ ಕೇಳಿಕೊಳ್ಳಿ: ವರ್ಷಕ್ಕೆ ಮೊದಲೇ ಮುರಿದರೆ ಎಷ್ಟು ಕತ್ತರಿಸ್ತಾರೆ, ಮತ್ತು ಏಜೆಂಟ್ ತಗೊಂಡ ದಿನವೇ ಮೊಬೈಲಿಗೆ ಸಂದೇಶ ಬರ್ತದೆಯೋ. ಸಂದೇಶ ಬರದಿದ್ದರೆ ಸಂಜೆಯೇ ಶಾಖೆಗೆ ಫೋನ್.

ಕುಮಟಾ ಕ್ಯಾಟರಿಂಗ್
ಪೋಸ್ಟ್ ಆಫೀಸ್ ಆರ್‌ಡಿ ಇನ್ನೂ ಭದ್ರ ಅಲ್ಲವಾ? ಬೇಕಾದಾಗ ಮುರಿಸಬಹುದು.

ಪಿಗ್ಮಿ ಪುಸ್ತಕ
ಭದ್ರ ಹೌದು, ಬೇಕಾದಾಗ ಮುರಿಸೋದು ಆಗೋದಿಲ್ಲ. ಅದು ಐದು ವರ್ಷದ್ದು, ಮೂರು ವರ್ಷ ಆಗದೆ ಮುಚ್ಚಲಿಕ್ಕೆ ಬರೋದಿಲ್ಲ, ಆಮೇಲೆ ಮುಚ್ಚಿದರೂ ಉಳಿತಾಯ ಖಾತೆಯ ಬಡ್ಡಿಯಷ್ಟೇ. ಕಂತು ತಪ್ಪಿದರೆ ನೂರಕ್ಕೆ ಒಂದು ರೂಪಾಯಿ ದಂಡ. ಒಂದು ವರ್ಷ ಕಟ್ಟಿದ ಮೇಲೆ ಅರ್ಧದವರೆಗೆ ಸಾಲ ಸಿಗ್ತದೆ, ಅದೊಂದು ಅನುಕೂಲ. ಮಕ್ಕಳ ಓದಿಗೆ ಅಂತ ತಿಂಗಳಿಗೆ 500 ಬೇಕಾದರೆ ಹಾಕಲಿ, ಮಳೆಗಾಲಕ್ಕೆ ಅಂತ ಬೇಡ.

ಕೋಡಿಬಾಗಿನ ನಾದಿನಿ
ಒಂದು ತಿಂಗಳು ಆಯ್ತು, ಏನಾಯ್ತು ಅಂತ ಹೇಳ್ತೇನೆ. ಮೂವರು ಬಿಟ್ಟರು, ಮೂವರೂ ಕಾಲೇಜಿನ ಹುಡುಗರು. ಉಳಿದ 21 ಜನ ಮುಂಗಡ ಕೊಟ್ಟರು, 40,950. ಮೀನು ಬೇರೆ, ಅದರ ಲೆಕ್ಕ ಹೆಚ್ಚುಕಡಿಮೆ ಸರಿಸಮ ಬಂತು. ಡಬ್ಬಿಯ ಖರ್ಚು 24,600. ಖಾತೆಯಲ್ಲಿ 16,350 ಇದೆ. ಅತ್ತಿಗೆ ಇದನ್ನು ಎರಡು ಸಲ ಕೂಡಿಸಿ ನೋಡಿದರು, ಆಮೇಲೆ ನನ್ನ ಕೈಯಲ್ಲಿ ಕೂಡಿಸಿಸಿದರು. ಸಂಬಳ, ಪಿಗ್ಮಿ ಇದರಿಂದಲೇ ತೆಗೀಬಹುದಾ?

ಲೆಕ್ಕದ ಅಕ್ಕೋರು
ಮುಂದಿನ ತಿಂಗಳಿಗೆ ಹೋದ ಚೀಟಿ ಎಷ್ಟು?

ಕೋಡಿಬಾಗಿನ ನಾದಿನಿ
ನಲವತ್ತು.

ಲೆಕ್ಕದ ಅಕ್ಕೋರು
ಹಾಗಾದರೆ ನಲವತ್ತು ಡಬ್ಬಿಯ ದುಡ್ಡು ಬಂದಿದೆ, ಊಟ ಇನ್ನೂ ಹೋಗಿಲ್ಲ. ಡಬ್ಬಿಗೆ 48ರಂತೆ 1,920 ಮುಟ್ಟಬೇಡಿ. ಉಳಿದ 14,430ರಲ್ಲಿ ಸಂಬಳ ಎಂಟೂವರೆ ಸಾವಿರ, ಪಿಗ್ಮಿ 3,900. ಎರಡು ಸಾವಿರ ಖಾತೆಯಲ್ಲೇ ಇರಲಿ, ಗ್ಯಾಸು ತಗೊಳ್ಳುವಾಗ ಬೇಕಾಗ್ತದೆ.

ಡಬ್ಬಿ ಗಿರಾಕಿ
ಮೀನಿನ ಸಣ್ಣ ಡಬ್ಬಿ ಯಾರಿಗೆ ಬೇಕು ಅಂತ ಯಾವಾಗ ಕೇಳ್ತಾರೆ?

ಕೋಡಿಬಾಗಿನ ನಾದಿನಿ
ಅದೇ ಈಗಿನ ತಕರಾರು. ಹಿಂದಿನ ರಾತ್ರಿ ಕೇಳಿದರೆ "ಯಾವ ಮೀನು ಬರ್ತದೆ ಹೇಳಿ, ಆಮೇಲೆ ನೋಡುವಾ" ಅಂತಾರೆ. ಬೆಳಿಗ್ಗೆ ಏಳಕ್ಕೆ ಮೀನು ತಂದು ಫೋಟೊ ಹಾಕಿದರೆ ಎಂಟೂವರೆಗೆ ಉತ್ತರ. ಹೋದ ಶುಕ್ರವಾರ 14 ತಂದು 9 ಹೋಯ್ತು.

ಬೈತಖೋಲದಿಂದ
ಹತ್ತೇ ತರ್ಲಿ. ಮೊದಲು ಹೇಳಿದ ಹತ್ತು ಮಂದಿಗೆ, ಮುಗಿದ್ರೆ ಮುಗೀತು. ಎರಡು ಶುಕ್ರವಾರ ಸಿಗದೆ ಹೋದ್ರೆ ಮೂರನೇದಕ್ಕೆ ಗುರುವಾರ ರಾತ್ರಿಯೇ ಮೆಸೇಜ್ ಬರ್ತದೆ.

ಶಿರಸಿ ಅಡುಗೆಮನೆ
ಉಳಿದ ಐದು ಬಂಗುಡೆ ಎಂತ ಮಾಡಿದ್ರಿ?

ಕೋಡಿಬಾಗಿನ ನಾದಿನಿ
ಮನೆಯಲ್ಲೇ ಹುರಿದು ತಿಂದೆವು ಅಕ್ಕ. ಅಣ್ಣ ಪೆಟ್ಟಿಗೆಗೆ 145 ಹಾಕಿದ, ಗೊಣಗಿಕೊಂಡೇ.